ಲೀಟರ್ ಪೆಟ್ರೋಲಿನಲ್ಲಿ ಕರ್ನಾಟಕಕ್ಕೆ ಸಿಕ್ಕ ಎರಡು ಪೈಸೆ

"ನಾವು ಇಷ್ಟೊಂದು ತೆರಿಗೆ ಕಟ್ತೀವಿ, ನಮಗ್ಯಾಕೆ ವಾಪಸ್ ಇಷ್ಟು ಕಡಿಮೆ ಬರೋದು? ನಮ್ಮ ದುಡ್ಡು ಬಿಹಾರಕ್ಕೆ ಹೋಗ್ತಿದೆಯಾ?"

ಕೇಂದ್ರ ತೆರಿಗೆಯ ಹಂಚಿಕೆ ಬಗ್ಗೆ ಕರ್ನಾಟಕದಲ್ಲಿ ಹಲವರು ಹೀಗೆ ಕೇಳುತ್ತಾರೆ. ಒಂದಷ್ಟು ಹೋಗುತ್ತದೆ, ಅದು ಹೋಗಲೇಬೇಕು ಎನ್ನುವವನು ನಾನು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕಂಪನಿ ದೇಶವೆಲ್ಲ ವ್ಯಾಪಾರ ಮಾಡಿ ಇಲ್ಲಿ ತೆರಿಗೆ ಕಟ್ಟುತ್ತದೆ. ಆ ದುಡ್ಡೆಲ್ಲ ಕರ್ನಾಟಕದ್ದೇ ಎನ್ನಲಾಗದು. ನನ್ನ ತಕರಾರು ಬೇರೆ ಕಡೆ ಇದೆ.

ಮೊದಲು ಹಂಚಿಕೆಯ ಲೆಕ್ಕ ನೋಡೋಣ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು ಎಂದು ಶಿಫಾರಸು ಮಾಡುವುದು ಹಣಕಾಸು ಆಯೋಗ. 2021ರಿಂದ 2026ರವರೆಗಿನ 15ನೇ ಆಯೋಗದ ಪ್ರಕಾರ, ಹಂಚಿಕೆಗೆ ಒಳಪಡುವ ಕೇಂದ್ರ ತೆರಿಗೆಯ ಪ್ರತಿ 100 ರೂಪಾಯಿಯಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ 41 ರೂಪಾಯಿ ಇತ್ತು. ಅದರಲ್ಲಿ ಕರ್ನಾಟಕದ ಪಾಲು ಶೇ 3.647 ಇತ್ತು, ಅಂದರೆ ಸುಮಾರು ಒಂದೂವರೆ ರೂಪಾಯಿ. 14ನೇ ಆಯೋಗದ ಕಾಲದಲ್ಲಿ ನಮ್ಮ ಪಾಲು ಶೇ 4.713 ಇತ್ತು. ಆಗ ಇದೇ 100 ರೂಪಾಯಿಗೆ ಹೆಚ್ಚುಕಡಿಮೆ ಎರಡು ರೂಪಾಯಿ ಬರುತ್ತಿತ್ತು.

ಅರ್ಧ ರೂಪಾಯಿ ಹೋದದ್ದೆಲ್ಲಿಗೆ? 15ನೇ ಆಯೋಗದ ಹಂಚಿಕೆ ಸೂತ್ರದಲ್ಲಿ 100ಕ್ಕೆ 45 ಅಂಕ ಇದ್ದದ್ದು ಆದಾಯದ ಅಂತರಕ್ಕೆ. ಅಳತೆಗೋಲಾಗಿ ಇಟ್ಟುಕೊಂಡ ಒಂದು ಶ್ರೀಮಂತ ರಾಜ್ಯದ ತಲಾ ಆದಾಯಕ್ಕಿಂತ ನಿಮ್ಮದು ಎಷ್ಟು ಕೆಳಗಿದೆಯೋ ಅದನ್ನು ನಿಮ್ಮ ಜನಸಂಖ್ಯೆಯೊಂದಿಗೆ ಗುಣಿಸಿ ಪಾಲು ಕೊಡುತ್ತಾರೆ. ಎರಡು ಆಯೋಗಗಳ ನಡುವೆ ಕರ್ನಾಟಕದ ತಲಾ ಆದಾಯದ ಲೆಕ್ಕ ಜೋರಾಗಿ ಮೇಲೇರಿತು, ಅಂತರ ಕುಗ್ಗಿತು, ಪಾಲೂ ಕುಗ್ಗಿತು. ಆದರೆ ಆ ಸರಾಸರಿಯನ್ನು ಎತ್ತಿ ನಿಲ್ಲಿಸಿರುವುದು ಬೆಂಗಳೂರು. ಯಾದಗಿರಿಯ ಬಡತನ ಆ ಒಂದೇ ಅಂಕಿಯೊಳಗೆ ಕಾಣದೇ ಹೋಗುತ್ತದೆ. 2020–21ರಲ್ಲಿ ಕೈಗೆ ಬರುವ ಮೊತ್ತ ಹಿಂದಿನ ವರ್ಷಕ್ಕಿಂತ ಕೆಳಗಿಳಿಯದಿರಲೆಂದು ಆಯೋಗವೇ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿ ವಿಶೇಷ ಅನುದಾನ ಶಿಫಾರಸು ಮಾಡಿತ್ತು. ಕೇಂದ್ರ ಅದನ್ನು ಒಪ್ಪಲಿಲ್ಲ.

ಇಷ್ಟಾದರೂ ಸೂತ್ರ ಕಣ್ಣೆದುರಿಗಿದೆ, ಅದರ ಮೇಲೆ ವಾದ ಮಾಡಬಹುದು. ನನಗೆ ಸಿಟ್ಟು ಬರುವುದು ಸೂತ್ರದ ಹತ್ತಿರಕ್ಕೂ ಬಾರದ ದುಡ್ಡಿನ ಬಗ್ಗೆ. ಒಂದು ನಿರ್ದಿಷ್ಟ ಉದ್ದೇಶಕ್ಕೆಂದು ಹಾಕುವುದು ಸೆಸ್, ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವುದು ಸರ್‌ಚಾರ್ಜ್. ಸಂವಿಧಾನದ 270ನೇ ವಿಧಿಯಂತೆ ಇವೆರಡೂ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ತೆರಿಗೆಗಳಲ್ಲ.

ಪೆಟ್ರೋಲನ್ನೇ ತೆಗೆದುಕೊಳ್ಳಿ. 2022ರ ಮೇ ತಿಂಗಳಲ್ಲಿ ಸುಂಕ ಇಳಿಸಿದ ಮೇಲೆ ಲೀಟರಿಗೆ ಕೇಂದ್ರದ ಅಬಕಾರಿ ಸುಂಕ 19 ರೂಪಾಯಿ 90 ಪೈಸೆ ಇತ್ತು. ಅದರಲ್ಲಿ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ. ಉಳಿದದ್ದು ವಿಶೇಷ ಹೆಚ್ಚುವರಿ ಸುಂಕ ಎಂಬ ಸರ್‌ಚಾರ್ಜ್, ರಸ್ತೆ ಸೆಸ್, ಕೃಷಿ ಸೆಸ್. ಹಂಚಿಕೆಗೆ ಬರುತ್ತಿದ್ದದ್ದು ಆ 1.40 ಮಾತ್ರ. ಅದರ ಶೇ 41 ಅಂದರೆ 57 ಪೈಸೆ ಎಲ್ಲ ರಾಜ್ಯಗಳಿಗೆ, ಅದರೊಳಗೆ ಕರ್ನಾಟಕಕ್ಕೆ ಎರಡು ಪೈಸೆ. ಇಡೀ 19.90 ಹಂಚಿಕೆಗೆ ಬಂದಿದ್ದರೆ ಸುಮಾರು 30 ಪೈಸೆ ಬರುತ್ತಿತ್ತು.

ಇಲ್ಲಿ ಬಿಹಾರ ನಮ್ಮ ಎದುರಾಳಿಯಲ್ಲ, ಅದೂ ನಮ್ಮ ಜೊತೆಗೇ ಕಳೆದುಕೊಂಡಿದೆ. ಶೇ 41 ಎಂಬ ಅಂಕಿಯನ್ನು ಮುಟ್ಟದೆಯೇ ಹಂಚುವ ರಾಶಿಯನ್ನು ಚಿಕ್ಕದು ಮಾಡಲು ಕೇಂದ್ರಕ್ಕೆ ಇರುವ ದಾರಿ ಇದು. ಈ ಪ್ರಶ್ನೆ ಕೇಳುವವರಿಗೆಲ್ಲ ಬಜೆಟ್ ದಿನ ಮೊದಲು ಸೆಸ್ಸಿನ ಸಾಲು ನೋಡಿ ಎನ್ನುತ್ತೇನೆ.