ಗಿಫ್ಟ್ ಕಾರ್ಡ್ ದೂರುಗಳನ್ನು ಓದುವ ಕೆಲಸದಲ್ಲಿ ಕಂಡದ್ದು

ಅಂಗಡಿಗಳ ಸರಣಿಯೊಂದರ ಗ್ರಾಹಕ ದೂರು ವಿಭಾಗದಲ್ಲಿ ನನ್ನ ಕೆಲಸ. 'ಅವಧಿ ಇದ್ದರೂ ಗಿಫ್ಟ್ ಕಾರ್ಡ್ ತಗೊಳ್ಳಲಿಲ್ಲ' ಅಂತ ದೂರು ಬಂದರೆ, ಬಿಲ್ಲಿಂಗ್ ಕೌಂಟರಿನ ಸ್ಕ್ರೀನ್ ಏನು ತೋರಿಸಿತು ಅಂತ ಮೊದಲು ನೋಡುತ್ತೇನೆ. CARD NOT ACTIVE ಅಂತ ಬಂದಿದ್ದರೆ, ಕಾರ್ಡ್ ಮಾರುವಾಗ ಅದನ್ನು ಚಾಲೂ ಮಾಡಿಲ್ಲ ಅಂತ ಅನುಮಾನ. CARD EXPIRED ಅಂತ ಬಂದಿದ್ದರೆ ತಾರೀಕಿನ ಜಗಳ. ಜಾಸ್ತಿ ಜನ ಇದನ್ನು ಬರೆಯುವುದೇ ಇಲ್ಲ. ಕ್ಯಾಷಿಯರ್ ಒರಟಾಗಿ ಮಾತಾಡಿದ್ದು ಮಾತ್ರ ಒಂದು ಪುಟ ಇರುತ್ತದೆ!

ಒಂದು ದೂರು ನೋಡಿ. ಕಾರ್ಡಿನ ಹಿಂದೆ 'ಖರೀದಿಸಿದ ದಿನದಿಂದ 12 ತಿಂಗಳು' ಅಂತ ಅಚ್ಚಾಗಿತ್ತು. ಮಾರ್ಚ್ 10ಕ್ಕೆ ಕೊಂಡ ಕಾರ್ಡನ್ನು ಮುಂದಿನ ಫೆಬ್ರವರಿ 20ಕ್ಕೆ ಕೊಟ್ಟರೆ CARD EXPIRED ಬಂತು. ಆ ಕಂತಿನ ಕಾರ್ಡುಗಳು ಅಚ್ಚಾಗಿದ್ದು ಜನವರಿಯಲ್ಲಿ. ಸಿಸ್ಟಮ್‌ಗೆ ಹಾಕಿದವರು 12 ತಿಂಗಳನ್ನು ಅಲ್ಲಿಂದಲೇ ಎಣಿಸಿದ್ದರು. ಕ್ಯಾಷಿಯರ್‌ಗೆ ಕಾಣುವುದು ಸಿಸ್ಟಮ್‌ನ ತಾರೀಕು ಮಾತ್ರ, ಅವರ ಹತ್ತಿರ ವಾದ ಮಾಡಿ ಏನು ಪ್ರಯೋಜನ?

ಆ ಗ್ರಾಹಕರು ಕೌಂಟರಿನಲ್ಲೇ ಸ್ಕ್ರೀನಿನ ಫೋಟೋ ತೆಗೆದುಕೊಂಡಿದ್ದರು. ದೂರು ಹೀಗಿತ್ತು: 'ಕೊನೆಯ ನಾಲ್ಕು ಅಂಕಿ ಇಷ್ಟಿರುವ ಕಾರ್ಡನ್ನು ಮಾರ್ಚ್ 10ಕ್ಕೆ ಕೊಂಡಿದ್ದೇನೆ, ರಸೀದಿ ಲಗತ್ತಿಸಿದೆ. ಕಾರ್ಡಿನ ಹಿಂಬದಿಯ ಪ್ರಕಾರ ಅದು ಮಾರ್ಚ್ 9ರವರೆಗಂತೂ ನಡೆಯಬೇಕು. ಫೆಬ್ರವರಿ 20ರಂದು ಈ ಶಾಖೆಯಲ್ಲಿ ನಿರಾಕರಿಸಿದ್ದಾರೆ. ಪೂರ್ತಿ ಬಾಕಿ ಹಣಕ್ಕೆ ಹೊಸ ಕಾರ್ಡ್ ಕೊಡಿ, ಅವಧಿ ಹೊಸ ಕಾರ್ಡ್ ಕೊಟ್ಟ ದಿನದಿಂದ ಶುರುವಾಗಲಿ.'

ಇದರಲ್ಲಿ ನನಗೆ ಇಷ್ಟವಾದದ್ದು ನಿರಾಕರಿಸಿದ ದಿನವನ್ನು ದಾಖಲಿಸಿದ್ದು. ನಾವು ಉತ್ತರ ಕೊಡುವಷ್ಟರಲ್ಲಿ ಮಾರ್ಚ್ 9 ದಾಟಿಹೋಗಬಹುದು. ಆಗ ಕಾರ್ಡಿನ ಅವಧಿ ನಿಜವಾಗಿಯೂ ಮುಗಿದಿರುತ್ತದೆ, ಅವಧಿಯೊಳಗೇ ಬಂದಿದ್ದಿರಿ ಅನ್ನುವುದಕ್ಕೆ ಸಾಕ್ಷಿ ಬೇಕಾಗುತ್ತದೆ. ಫೋಟೋ ಇಲ್ಲದಿದ್ದರೆ ಅದೇ ಹೊತ್ತಿನಲ್ಲಿ ಬೇರೆ ರೀತಿ ಹಣ ಕೊಟ್ಟು ತಗೊಂಡ ಸಾಮಾನಿನ ಬಿಲ್ ಆದರೂ ಇರಲಿ. ಕೌಂಟರ್ ನಂಬರ್, ಸಮಯ ಎರಡೂ ಅದರಲ್ಲಿದ್ದರೆ ಆ ಕೌಂಟರಿನ ದಾಖಲೆಯಲ್ಲಿ ನಿರಾಕರಿಸಿದ ಪ್ರಯತ್ನವನ್ನು ನಾವು ಹುಡುಕಬಹುದು.

ಆದರೆ ಪಿನ್ ಮಾತ್ರ ಕಳಿಸಬೇಡಿ. ಪೂರ್ತಿ ನಂಬರ್ ಮತ್ತು ಪಿನ್ ಸಿಕ್ಕಿದವರು ಕಾರ್ಡ್ ಕೈಯಲ್ಲಿಲ್ಲದೆಯೂ ಹಣ ಬಳಸಬಹುದು. ಫೋಟೋದಲ್ಲೂ ಪಿನ್ ಮುಚ್ಚಿ. ಹೊಸ ಕಾರ್ಡ್ ಬಂದು, ಅದರಲ್ಲಿ ಹಣ ಇದೆ ಅಂತ ನೋಡುವವರೆಗೂ ಹಳೆಯದನ್ನು ಎಸೆಯಬೇಡಿ.

ಕೂಪನ್ ವಿಷಯ ಸ್ವಲ್ಪ ಬೇರೆ. ಗಿಫ್ಟ್ ಕಾರ್ಡಿನಲ್ಲಿರುವುದು ಮೊದಲೇ ಕೊಟ್ಟ ಹಣ, ಕೂಪನ್ ಬರೀ ರಿಯಾಯಿತಿ. ತಾರೀಕು ಸರಿ ಇದ್ದೂ ಕನಿಷ್ಠ ಖರೀದಿಯ ಷರತ್ತು ಅಡ್ಡ ಬಂದಿರಬಹುದು. ಹಾಗಾಗಿ ಆ ದಿನ ಬುಟ್ಟಿಯಲ್ಲಿ ಏನೇನಿತ್ತು, ಮೊತ್ತ ಎಷ್ಟಾಗಿತ್ತು ಅಂತಲೂ ಬರೆಯಿರಿ. ಇಲ್ಲದಿದ್ದರೆ ನಮ್ಮ ಮೊದಲ ಉತ್ತರವೇ ಆ ಪ್ರಶ್ನೆ ಆಗಿರುತ್ತದೆ.