ಎರಡು ಹಂತದ ಡಿವಿಡೆಂಡ್ ಲೆಕ್ಕದಲ್ಲಿ ತಪ್ಪುವುದು ಆರನೇ ವರ್ಷದಲ್ಲಿ

“ಕೊನೆಯ ಮೌಲ್ಯಕ್ಕೆ ಆರನೇ ವರ್ಷದ ಡಿವಿಡೆಂಡ್ ಹಾಕ್ತೀವಲ್ಲ, ಹಾಗಾದ್ರೆ ಅದನ್ನ 6 ವರ್ಷಕ್ಕೆ ಡಿಸ್ಕೌಂಟ್ ಮಾಡ್ಬೇಕಾ, 5 ವರ್ಷಕ್ಕಾ?”

5 ವರ್ಷಕ್ಕೆ. ಒಂದು ಕಾಲ್ಪನಿಕ ಕಂಪನಿ ತೆಗೆದುಕೊಳ್ಳೋಣ. ಷೇರಿಗೆ ಗಳಿಕೆ 40 ರೂಪಾಯಿ, ಡಿವಿಡೆಂಡ್ 10. ಮೊದಲ 5 ವರ್ಷ ಬೆಳವಣಿಗೆ 15%, ಆಮೇಲೆ ಸದಾ 6%. ಹೂಡಿಕೆದಾರ ಬಯಸುವ ಪ್ರತಿಫಲ 12%. ಕೆಳಗಿನ ಸೂತ್ರದಲ್ಲಿ D ಆಯಾ ವರ್ಷದ ಡಿವಿಡೆಂಡ್, g ಆ 6%, r ಈ 12%, P0 ಷೇರಿನ ಇಂದಿನ ಬೆಲೆ.

```
P5 = D6 / (r - g)
P0 = D1/(1+r) + ... + D5/(1+r)^5 + P5/(1+r)^5
```

ಐದನೇ ವರ್ಷದ ಡಿವಿಡೆಂಡ್ ಕೈಗೆ ಬಂದ ಕ್ಷಣದಲ್ಲಿ ಷೇರು ಮಾರಿದರೆ ಸಿಗಬೇಕಾದ ಬೆಲೆಯೇ P5. ಕೊಳ್ಳುವವನಿಗೆ ಮೊದಲು ಸಿಗುವುದು ಆರನೇ ವರ್ಷದ ಡಿವಿಡೆಂಡ್. ಆ ಒಂದು ವರ್ಷದ ಕಾಯುವಿಕೆ ಸೂತ್ರದೊಳಗೇ ಸೇರಿದೆ. ಎಕ್ಸೆಲ್‌ನಲ್ಲಿ NPV ಬಳಸುವವರು P5 ಅನ್ನು ಐದನೇ ವರ್ಷದ ಡಿವಿಡೆಂಡ್ ಇರುವ ಕೋಶಕ್ಕೇ ಕೂಡಿಸಬೇಕು, ಪಕ್ಕದ ಕೋಶದಲ್ಲಿಟ್ಟರೆ ಒಂದು ವರ್ಷ ಹೆಚ್ಚು ಡಿಸ್ಕೌಂಟ್ ಆಗಿಬಿಡುತ್ತದೆ.

ಮೊದಲ ಐದು ಡಿವಿಡೆಂಡ್‌ಗಳ ಇಂದಿನ ಬೆಲೆ ಸುಮಾರು 54 ರೂಪಾಯಿ. ಐದನೆಯದು 20.11 ರೂಪಾಯಿ; ಅದನ್ನು 6% ಬೆಳೆಸಿದರೆ D6 = 21.32, P5 = 355, ಅದರ ಇಂದಿನ ಬೆಲೆ 202. ಒಟ್ಟು 256. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ 5ಕ್ಕೋ 6ಕ್ಕೋ ಎಂಬುದಕ್ಕಿಂತ ದೊಡ್ಡ ತಪ್ಪು ಈ 21.32ರಲ್ಲೇ ಇದೆ.

ಕಂಪನಿ ಈಗ ಗಳಿಕೆಯ 25% ಹಂಚಿ 75% ಉಳಿಸಿಕೊಳ್ಳುತ್ತಿದೆ. ಉಳಿಸಿದ ಹಣ 20% ಗಳಿಸುವುದರಿಂದಲೇ 15% ಬೆಳವಣಿಗೆ. ಬೆಳವಣಿಗೆ 6%ಕ್ಕೆ ಇಳಿದ ಮೇಲೂ 75% ಉಳಿಸಿಕೊಳ್ಳುತ್ತದೆ ಎಂದರೆ, ಆ ಹಣ ಗಳಿಸುವುದು ಬರೀ 8% ಎಂದಂತಾಯಿತು. ಷೇರುದಾರ 12% ಕೇಳುತ್ತಿರುವಾಗ ಹೀಗೆ ಹಣ ಹಿಡಿದಿಟ್ಟರೆ ಪ್ರತಿವರ್ಷ ಮೌಲ್ಯ ಸವೆಯುತ್ತದೆ. ನಾವೇ ಬರೆದ ಶೀಟು ಸದ್ದಿಲ್ಲದೆ ಅದನ್ನೇ ಹೇಳುತ್ತಿರುತ್ತದೆ.

ಆದ್ದರಿಂದ ಎರಡನೇ ಹಂತದ ಹಂಚಿಕೆಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ಇಲ್ಲಿ ROE ಎಂದರೆ ಉಳಿಸಿದ ಹಣ ಗಳಿಸುವ ದರ:

```
payout = 1 - g/ROE
```

ಸ್ಥಿರ ಹಂತದ ROE ಎಷ್ಟು? ಪೈಪೋಟಿ ಹೆಚ್ಚಿದಾಗ ಹೊಸ ಹೂಡಿಕೆಗೆ ಹೆಚ್ಚುವರಿ ಲಾಭ ಉಳಿಯುವುದಿಲ್ಲ ಎಂದುಕೊಂಡು 12% ಇಡೋಣ. ಆಗ ಹಂಚಿಕೆ 50%. ಆರನೇ ವರ್ಷದ ಗಳಿಕೆ 85.28, D6 = 42.64, P5 = 711. ಇಂದಿನ ಬೆಲೆ 403, ಮೊದಲ ಹಂತದ 54 ಸೇರಿ ಒಟ್ಟು 457. ಬೆಳವಣಿಗೆ ಅಷ್ಟೇ, ಪ್ರತಿಫಲ ಅಷ್ಟೇ. ಆದರೂ 256 ಇದ್ದದ್ದು 457 ಆಯಿತು. ROE 15% ಉಳಿಯುತ್ತದೆ ಎಂದು ನಂಬುವವರಿಗೆ 538 ಬರುತ್ತದೆ. ಆ ನಂಬಿಕೆಗೆ ಬಲವಾದ ಬ್ರ್ಯಾಂಡೋ ಪರವಾನಗಿಯೋ ಕಾರಣವಾಗಿ ಇರಬೇಕು.

ಶೀಟು ಸರಿಯಿದೆಯೇ ಎಂದು ನೋಡಲು ಸ್ಥಿರ ಬೆಳವಣಿಗೆಯನ್ನು 6ರಿಂದ 7%ಕ್ಕೆ ಏರಿಸಿ. ಹಂಚಿಕೆ 25%ಕ್ಕೇ ಅಂಟಿಕೊಂಡಿದ್ದರೆ 256 ಇದ್ದದ್ದು 298ಕ್ಕೆ ಜಿಗಿಯುತ್ತದೆ. ROE 12% ಇಟ್ಟು ಹಂಚಿಕೆಯನ್ನು ಬೆಳವಣಿಗೆಗೆ ಕಟ್ಟಿದ್ದರೆ 457 ಸುಮಾರು 461 ಆಗುತ್ತದೆ, ಅಷ್ಟೇ. ROE 12% ಇದ್ದೂ ಇದಕ್ಕಿಂತ ದೊಡ್ಡ ಜಿಗಿತ ಕಂಡರೆ, ಹಂಚಿಕೆಯ ಕೋಶದಲ್ಲಿ ಸೂತ್ರದ ಬದಲು ಯಾರೋ ಅಂಕಿ ಟೈಪ್ ಮಾಡಿದ್ದಾರೆ.