ಲಾಲ್‌ಬಾಗ್ ಬಂಡೆಯ ಮೇಲೆ ಕೇಳಿದ್ದು

ಜೂನ್ 14, 2025, ಶನಿವಾರ

ಇವತ್ತು ಕೊನೆಗೂ ಕೇಳಿಬಿಟ್ಟೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ.

2022ರ ಜುಲೈ 8ಕ್ಕೆ ಗೆಳತಿಯ ಮನೆ ಅಡ್ವಾನ್ಸಿಗೆ ಅಂತ ಅವಳ 80,000 ರೂಪಾಯಿ ಅಕೌಂಟಿಗೆ ಹಾಕಿದ್ದೆ. ಕೈಗಡ. ಪತ್ರ ಇಲ್ಲ, ಬಡ್ಡಿ ಇಲ್ಲ, ಗಡುವೂ ಇಲ್ಲ. "ಆದಷ್ಟು ಬೇಗ ಕೊಡ್ತೀನಿ ಕಣೇ" ಅಂದಿದ್ದಳು. ಆಮೇಲೆ ನಾನು ವಾಟ್ಸಾಪಿನಲ್ಲಿ ಕೇಳಿದ್ದೆಲ್ಲ "ಯಾವಾಗ ಆಗುತ್ತೆ?" ಅಂತ ಮಾತ್ರ. ಉತ್ತರ ಪ್ರತಿ ಸಲ "ಮುಂದಿನ ತಿಂಗಳು". ಹಾಗೆ ಕೇಳಿದರೆ ಹಾಗೇ ಉತ್ತರ ಬರುತ್ತದೆ ಅಲ್ವಾ.

ಹೋದ ವಾರ ಚಿಕ್ಕಪ್ಪ ಹೇಳದಿದ್ದರೆ ಇನ್ನೂ ಸುಮ್ನೆ ಇರುತ್ತಿದ್ದೆ. ಅವರು ಮೂವತ್ತು ವರ್ಷದಿಂದ ವಕೀಲರು. ಗಡುವು ಹಾಕದ ಕೈಗಡಕ್ಕೆ, ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕಂತೆ. ಆಮೇಲೆ ಸಾಲ ಅಳಿಸಿಹೋಗುವುದಿಲ್ಲ, ಕೋರ್ಟಿನ ದಾರಿ ಮುಚ್ಚುತ್ತದೆ. ಆ ಮೂರು ವರ್ಷ ಮುಗಿಯುವ ಮೊದಲೇ "ಇಷ್ಟು ಬಾಕಿ ಇದೆ" ಅಂತ ಅವಳು ಬರೆದು ಸಹಿ ಹಾಕಿದರೆ, ಆ ದಿನದಿಂದ ಮತ್ತೆ ಮೂರು ವರ್ಷ. ಬರೀ ಒಂದಿಷ್ಟು ದುಡ್ಡು ಹಾಕಿಸಿಕೊಂಡರೆ ಸಾಲದು, ಅದಕ್ಕೂ ಅವಳ ಕೈಬರಹವೋ ಸಹಿಯೋ ಬೇಕು. ಜುಲೈ 8ಕ್ಕೆ ಇನ್ನು ಮೂರೂವರೆ ವಾರ.

ಅವಳ ಗಂಡನ ಮುಂದೆ ಕೇಳಬಾರದು ಅಂತ ವಾಕಿಂಗ್‌ಗೆ ಕರೆದೆ. ಬಂಡೆ ಹತ್ತಿ ಗೋಪುರದ ಪಕ್ಕ ಕೂತೆವು. ಈ ಸಲ "ಯಾವಾಗ" ಅನ್ನಲಿಲ್ಲ.

"ತಿಂಗಳಿಗೆ ನಿನ್ನ ಕೈಯಲ್ಲಿ ಎಷ್ಟು ಆಗುತ್ತೆ? ಇರೋದನ್ನ ಹೇಳು."

ತುಂಬಾ ಹೊತ್ತು ಮಾತಾಡಲಿಲ್ಲ. "ಐದು ಸಾವಿರ ಆಗುತ್ತೆ ಕಣೇ. ಅಷ್ಟು ಕಮ್ಮಿ ಹೇಗೆ ಕೊಡೋದು ಅಂತ ನಾಚಿಕೆಯಾಗಿ ಸುಮ್ನಿದ್ದೆ."

ಪೂರ್ತಿ ಸೇರಿಸಿ ಒಂದೇ ಸಲ ಕೊಡಬೇಕು ಅಂತ ಕಾಯುತ್ತಿದ್ದಳಂತೆ. ಮೂರು ವರ್ಷ! ನಾನು ಅವಳನ್ನು ಏನೇನೋ ಅಂದುಕೊಂಡಿದ್ದೆ. ಪ್ರತಿ ತಿಂಗಳು 5ನೇ ತಾರೀಖು, ಸಂಬಳ ಬಂದ ಮೇಲೆ, ಹದಿನಾರು ಕಂತು ಅಂತ ಮಾತಾಯಿತು. ಇಬ್ಬರಿಗೂ ಉಸಿರು ಬಂತು.

ಆಮೇಲೆ ಕಾಗದದ ಮಾತು ತೆಗೆದೆ. ಅವಳ ಮುಖ ಸಣ್ಣದಾಯಿತು.

"ನನ್ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದ್ದಿದ್ದಕ್ಕೇ ಕೊಟ್ಟೆ ಕಣೇ. ಮಗಳ ಫೀಸ್ ಕಟ್ಟೋಕೆ ಈ ಸಲ ಚೀಟಿ ದುಡ್ಡು ಮುರಿದೆ. ಪ್ರತಿ ತಿಂಗಳು ನಿನ್ನ ಅನುಮಾನದಿಂದ ನೋಡೋದು ನನಗೆ ಬೇಡ. ಬರೆದಿಟ್ಟರೆ ಆ ಮಾತು ಅಲ್ಲಿಗೇ ಮುಗಿಯುತ್ತೆ."

ಫೀಸಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಹೇಳಿಯೇ ಇರಲಿಲ್ಲ ನಾನು. ಕಣ್ಣು ಒರೆಸಿಕೊಂಡಳು. "ಮನೆಗೆ ಹೋಗಿ ಬರೀತೀನಿ" ಅಂದಳು. ಇಳಿಯುವಾಗ ಎಂದಿನ ಹಾಗೆ ನನ್ನ ಕೈ ಹಿಡಿದುಕೊಂಡಳು, ಆದರೆ ಮಾತಿಲ್ಲ.

ಈಗ ರಾತ್ರಿ ಹನ್ನೊಂದು. ಏನೂ ಬಂದಿಲ್ಲ. ನಾಳೆ ನಾನೇ ಫೋನ್ ಮಾಡಲಾ, ಅಥವಾ ಸೋಮವಾರದ ತನಕ ಕಾಯಲಾ?